ಚಿಹಿರೊ ನಡೆದ ದಾರಿ

ಹಯಾವೊ ಮಿಯಾಝಾಕಿ ಅವರ ‘ಸ್ಪಿರಿಟೆಡ್ ಅವೇ’ ಚಿತ್ರ ಶುರುವಾಗುವುದು ಒಂದು ಮಗುವಿನ ಮುನಿಸಿನಿಂದ. ಹತ್ತು ವರ್ಷದ ಚಿಹಿರೊ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದಾಳೆ. ಹಳೆಯ ಊರಿನಲ್ಲಿ ಬೀಳ್ಕೊಡುವಾಗ ಕೊಟ್ಟ ಹೂಗುಚ್ಛ ಕೈಯಲ್ಲಿದೆ, ಅದೂ ಆಗಲೇ ಬಾಡತೊಡಗಿದೆ. ಅಪ್ಪ ಅಮ್ಮ ಹೊಸ ಊರಿಗೆ ಮನೆ ಬದಲಿಸುತ್ತಿದ್ದಾರೆ. ಕಿಟಕಿಯಾಚೆ ಹೊಸ ಶಾಲೆ ಕಂಡಾಗ ಅವಳು ಅದಕ್ಕೆ ನಾಲಗೆ ಚಾಚುತ್ತಾಳೆ. ಧೈರ್ಯವಿಲ್ಲ, ವಿಶೇಷ ಶಕ್ತಿಯಿಲ್ಲ, ಹಣೆಯಲ್ಲಿ ಬರೆದ ಮಹತ್ಕಾರ್ಯವೂ ಇಲ್ಲ. 2001ರ ಜುಲೈಯಲ್ಲಿ ಜಪಾನಿನಲ್ಲಿ ತೆರೆಕಂಡ ಈ ಚಿತ್ರ ಮರುವರ್ಷ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿಯನ್ನೂ 2003ರಲ್ಲಿ ಅನಿಮೇಷನ್ ವಿಭಾಗದ ಆಸ್ಕರನ್ನೂ ಪಡೆಯಿತು. ಆದರೆ ನನ್ನನ್ನು ಮತ್ತೆ ಮತ್ತೆ ಇದರ ಬಳಿಗೆ ಎಳೆಯುವುದು ಪ್ರಶಸ್ತಿಗಳಲ್ಲ. ‘ನಾಯಕನ ಪಯಣ’ ಎಂಬ ಪ್ರಸಿದ್ಧ ನಕ್ಷೆಯನ್ನು ಈ ಕಥೆಯ ಮೇಲೆ ಹರಡಿದರೆ ಅರ್ಧದವರೆಗೆ ಅದು ಚೆನ್ನಾಗಿಯೇ ಕೂರುತ್ತದೆ. ಆಮೇಲೆ ಒಂದು ಜಾಗದಲ್ಲಿ ಜಾರುತ್ತದೆ. ಚಿತ್ರದ ಜೀವ ಇರುವುದು ಅದು ಜಾರುವ ಆ ಜಾಗದಲ್ಲಿ.

ನಕ್ಷೆಯ ಬಗ್ಗೆ ಮೊದಲು ನಾಲ್ಕು ಮಾತು. ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಎಂಬ ಪುಸ್ತಕ ಬರೆದರು. ಲೋಕದ ನಾನಾ ಭಾಗದ ಪುರಾಣಗಳನ್ನು ಓದಿ, ಅವುಗಳಡಿಯಲ್ಲಿ ಒಂದೇ ನಡೆ ಇದೆ ಎಂದು ಅವರು ವಾದಿಸಿದರು. ನಾಯಕ ತನ್ನ ಲೋಕವನ್ನು ಬಿಟ್ಟು ಹೊರಡುತ್ತಾನೆ, ಇನ್ನೊಂದು ಲೋಕದಲ್ಲಿ ಪರೀಕ್ಷೆಗೆ ಒಳಗಾಗುತ್ತಾನೆ, ಏನನ್ನೋ ಪಡೆದು ಮರಳುತ್ತಾನೆ. ಈ ಮೂರು ಭಾಗಗಳನ್ನು ಅವರು ಹದಿನೇಳು ಹಂತಗಳಾಗಿ ಬಿಡಿಸಿದರು. ಮೂರು ಭಾಗಗಳ ಹೊಳಹು ಪೂರ್ತಿ ಹೊಸದಲ್ಲ. ಹುಡುಗರನ್ನು ದೊಡ್ಡವರನ್ನಾಗಿ ಮಾಡುವ ಬುಡಕಟ್ಟುಗಳ ಸಂಸ್ಕಾರಗಳಲ್ಲಿ ಅಗಲುವುದು, ನಡುವೆ ಇರುವುದು, ಮತ್ತೆ ಸೇರುವುದು ಎಂಬ ಮೂರು ಘಟ್ಟಗಳಿವೆ ಎಂದು ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲೇ ಬರೆದಿದ್ದರು. ಮಗು ದೊಡ್ಡದಾಗುವ ಕಥೆಗಳಿಗೆ ಈ ನಕ್ಷೆ ಇಷ್ಟು ಸಲೀಸಾಗಿ ಹೊಂದುವುದಕ್ಕೆ ಅದರ ಈ ಮೂಲವೂ ಒಂದು ಕಾರಣ. ಕ್ಯಾಂಬೆಲ್ ಅವರ ಉದಾಹರಣೆಗಳಲ್ಲಿ ನಮಗೆ ಗೊತ್ತಿರುವವರೂ ಇದ್ದಾರೆ. ಗುಹೆಯಲ್ಲಿ ಯುಗಗಟ್ಟಲೆ ನಿದ್ರಿಸಿ, ಎಚ್ಚರವಾದ ಮೇಲೆ ಜನರ ನಡುವೆ ಮರಳದೆ ತಪಸ್ಸಿಗೆ ಹೊರಟ ಮುಚುಕುಂದನನ್ನು ಅವರು ‘ಮರಳಲು ಒಲ್ಲದ’ ನಾಯಕನೆಂದು ವಿವರಿಸಿದ್ದಾರೆ.

ಸಿನಿಮಾದವರು ಬಳಸುವುದು ಹೆಚ್ಚಾಗಿ ಇದರ ಚಿಕ್ಕ ರೂಪವನ್ನು. 1980ರ ದಶಕದ ನಡುವಿನಲ್ಲಿ ಡಿಸ್ನಿ ಸಂಸ್ಥೆಯಲ್ಲಿ ಕಥೆಗಳನ್ನು ಓದಿ ಅಭಿಪ್ರಾಯ ಬರೆಯುತ್ತಿದ್ದ ಕ್ರಿಸ್ಟೊಫರ್ ವೋಗ್ಲರ್ ಅವರು ಕ್ಯಾಂಬೆಲ್ ಪುಸ್ತಕವನ್ನು ಕೆಲವೇ ಪುಟಗಳ ಟಿಪ್ಪಣಿಗೆ ಇಳಿಸಿ ಸಹೋದ್ಯೋಗಿಗಳಿಗೆ ಹಂಚಿದರು. ಮುಂದೆ ಅದೇ ಪುಸ್ತಕವಾಗಿ ಬೆಳೆಯಿತು. ಅದರಲ್ಲಿರುವುದು ಹನ್ನೆರಡು ಹಂತಗಳು: ದಿನನಿತ್ಯದ ಲೋಕ, ಕರೆ, ಕರೆಗೆ ಒಲ್ಲೆನೆನ್ನುವುದು, ಗುರುವಿನ ಭೇಟಿ, ಹೊಸ್ತಿಲು ದಾಟುವುದು, ಪರೀಕ್ಷೆ-ಗೆಳೆಯರು-ವೈರಿಗಳು, ಗುಹೆಯನ್ನು ಸಮೀಪಿಸುವುದು, ಅಗ್ನಿಪರೀಕ್ಷೆ, ಫಲ, ಮರಳುದಾರಿ, ಮರುಹುಟ್ಟು, ಅಮೃತದೊಂದಿಗೆ ವಾಪಸಾಗುವುದು. ಇದನ್ನೇ ಹಿಡಿದುಕೊಂಡು ಚಿಹಿರೊ ಹಿಂದೆ ಹೋಗೋಣ.

ಕರೆ ಹೇಗೆ ಬರುತ್ತದೆ? ಅಪ್ಪ ದಾರಿ ತಪ್ಪುತ್ತಾನೆ, ಅಷ್ಟೇ. ಮರಕ್ಕೆ ಒರಗಿದ ಹಳೆಯ ಪೂಜಾದ್ವಾರ, ಅದರ ಬುಡದಲ್ಲಿ ಪುಟ್ಟ ಕಲ್ಲಿನ ಗುಡಿಗಳು, ಕಾಡಿನ ನಡುವೆ ಕಾರು ಹೋಗಿ ನಿಲ್ಲುವುದು ಒಂದು ಸುರಂಗದ ಬಾಯಲ್ಲಿ. ಕರೆ ಎಂದರೆ ಯಾವಾಗಲೂ ದೂತ ಬಂದು ಓಲೆ ಕೊಡುವುದಲ್ಲ, ಒಂದು ಎಡವಟ್ಟಿನಿಂದಲೂ ಅದು ಶುರುವಾಗಬಹುದು ಎಂದು ಕ್ಯಾಂಬೆಲ್ ಬರೆದಿದ್ದಾರೆ. ಹಾಗಾಗಿ ಇಲ್ಲಿಯತನಕ ನಕ್ಷೆ ಸರಿಯಾಗಿದೆ. ಚಿಹಿರೊ ಹೆದರಿ ‘ಬೇಡ, ವಾಪಸ್ ಹೋಗೋಣ’ ಎನ್ನುತ್ತಾಳೆ. ಇದು ಮೂರನೆಯ ಹಂತ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಒಲ್ಲೆ ಎನ್ನುವುದು ನಾಯಕನ ದೌರ್ಬಲ್ಯ, ಗೆಲ್ಲಬೇಕಾದ ಅಂಜಿಕೆ. ಮಿಯಾಝಾಕಿ ಇಲ್ಲಿ ಅದನ್ನು ತಿರುಗಿಸುತ್ತಾರೆ. ಹೆದರಿದ ಮಗುವೇ ಸರಿ, ಧೈರ್ಯವಂತ ಅಪ್ಪನೇ ತಪ್ಪು. ಇದು ಪಾಳುಬಿದ್ದ ಮನರಂಜನಾ ಪಾರ್ಕು, ಹಣದ ಹುಚ್ಚಿನ ಕಾಲದಲ್ಲಿ ಕಟ್ಟಿದವರು ದಿವಾಳಿಯಾಗಿ ಬಿಟ್ಟು ಹೋಗಿದ್ದಾರೆ ಎಂದು ಅವನು ಎಲ್ಲ ಬಲ್ಲವನಂತೆ ವಿವರಿಸುತ್ತಾನೆ. ಯಾರೂ ಇಲ್ಲದ ಅಂಗಡಿಯಲ್ಲಿ ಹಬೆಯಾಡುವ ಊಟ ಕಂಡರೆ, ಕಾರ್ಡಿದೆ, ನಗದಿದೆ, ಆಮೇಲೆ ಕೊಟ್ಟರಾಯಿತು ಎಂದು ಕುಳಿತೇಬಿಡುತ್ತಾನೆ. ಅಮ್ಮನೂ ಕೂರುತ್ತಾಳೆ. ಮಗಳು ಮುಟ್ಟುವುದಿಲ್ಲ. ಕತ್ತಲಾಗುವಷ್ಟರಲ್ಲಿ ಆ ಇಬ್ಬರೂ ಹಂದಿಗಳಾಗಿರುತ್ತಾರೆ.

ಇನ್ನು ಹೊಸ್ತಿಲು. ನೋಡಿದವರಲ್ಲಿ ಹೆಚ್ಚಿನವರು ‘ಸುರಂಗವೇ ಹೊಸ್ತಿಲು’ ಎನ್ನುತ್ತಾರೆ. ಕಣ್ಣಿಗೆ ಹಾಗೆಯೇ ಕಾಣುತ್ತದೆ. ಆದರೆ ಯಾವುದೇ ಕಥೆಯಲ್ಲಿ ಹೊಸ್ತಿಲನ್ನು ಗುರುತಿಸಲು ಎರಡು ಪ್ರಶ್ನೆ ಕೇಳಬೇಕು. ಇದನ್ನು ದಾಟಿದ ಮೇಲೆ ಹಿಂದಿರುಗಲು ಸಾಧ್ಯವೇ? ದಾಟಲು ನಿರ್ಧರಿಸಿದವರು ಯಾರು? ಸುರಂಗದ ಮೂಲಕ ಸಂಜೆಯವರೆಗೂ ವಾಪಸ್ ಬರಬಹುದಿತ್ತು. ದೀಪಗಳು ಹೊತ್ತಿಕೊಂಡು, ನಡೆದು ಬಂದ ಹುಲ್ಲುಗಾವಲು ನದಿಯಾಗಿ ತುಂಬಿಕೊಂಡಾಗಲೇ ದಾರಿ ಮುಚ್ಚುವುದು. ಅದಾದರೂ ಚಿಹಿರೊಳ ನಿರ್ಧಾರವಲ್ಲ. ಅವಳು ಸಿಕ್ಕಿಬಿದ್ದಿದ್ದಾಳೆ ಅಷ್ಟೇ. ಅವಳು ತಾನಾಗಿ ಹೆಜ್ಜೆ ಇಡುವುದು ಇನ್ನೂ ಆಮೇಲೆ, ದೇವತೆಗಳ ಸ್ನಾನಗೃಹದ ಒಡತಿ ಯುಬಾಬಾಳ ಮೇಜಿನ ಮುಂದೆ ನಿಂತು, ಬೈಗುಳ ತಿನ್ನುತ್ತ, ‘ನನಗೆ ಇಲ್ಲಿ ಕೆಲಸ ಕೊಡಿ’ ಎಂದು ಪಟ್ಟು ಹಿಡಿದಾಗ. ಕೇಳಿದವರಿಗೆ ಕೆಲಸ ಕೊಡುತ್ತೇನೆಂದು ಯುಬಾಬಾ ಹಿಂದೆ ಆಣೆ ಮಾಡಿರುವುದರಿಂದ ಕೊಡದೆ ವಿಧಿಯಿಲ್ಲ. ಕರಾರು ಪತ್ರಕ್ಕೆ ಸಹಿ ಬೀಳುತ್ತದೆ, ಸಹಿಯ ಅಕ್ಷರಗಳು ಕಾಗದದಿಂದ ಎದ್ದು ಯುಬಾಬಾಳ ಮುಷ್ಟಿ ಸೇರುತ್ತವೆ, ಚಿಹಿರೊ ಇನ್ನು ಮೇಲೆ ಸೆನ್. ಅದೇ ಹೊಸ್ತಿಲು. ಚಿತ್ರದ ಹೊತ್ತಿನಲ್ಲಿ ಅದು ಬರುವುದು ಸುರಂಗ ದಾಟಿ ಬಹಳ ದೂರ ಬಂದ ಮೇಲೆ.

ಆ ಮೇಜಿನವರೆಗೆ ಅವಳನ್ನು ತಲುಪಿಸಿದವರು ಯಾರು ಎಂದು ನೋಡಿದರೆ ಗುರುವಿನ ಸ್ಥಾನದಲ್ಲಿ ಒಬ್ಬರಲ್ಲ, ನಾಲ್ಕು ಮಂದಿ ಸಿಗುತ್ತಾರೆ. ಹಾಕು ಎಂಬ ಹುಡುಗ, ಒಲೆಮನೆಯ ಆರು ಕೈಗಳ ಮುದುಕ ಕಾಮಾಜಿ, ಜೊತೆಗಾರ್ತಿ ಲಿನ್, ಕೊನೆಗೆ ಝೆನಿಬಾ. ಮೊದಲ ನೆರವು ಹಾಕು ಕೊಡುವ ಒಂದು ಚಿಕ್ಕ ಹಣ್ಣು. ಆ ಲೋಕದ ಏನನ್ನೂ ತಿನ್ನದ ಚಿಹಿರೊ ಪಾರದರ್ಶಕವಾಗುತ್ತ, ಕರಗಿಹೋಗುತ್ತಿರುತ್ತಾಳೆ. ತಿಂದರೆ ಮಾತ್ರ ಉಳಿಯುತ್ತಾಳೆ. ಜಪಾನಿನ ಪುರಾಣದಲ್ಲಿ ಇದರ ತಿರುವು ರೂಪವಿದೆ: ಸತ್ತ ಇಝಾನಾಮಿ ದೇವಿ ಪಾತಾಳದ ಅಡುಗೆ ಉಂಡುಬಿಟ್ಟದ್ದರಿಂದಲೇ ಗಂಡನ ಹಿಂದೆ ಸುಮ್ಮನೆ ಎದ್ದು ಬರಲಾರದೆ ಹೋಗುತ್ತಾಳೆ. ಚಿತ್ರದಲ್ಲಿ ಅಪ್ಪ ಅಮ್ಮನ ಊಟ ಶಾಪವಾದರೆ ಮಗಳ ತುತ್ತು ರಕ್ಷೆ. ಒಂದು ದುರಾಸೆಯಿಂದ ಉಂಡದ್ದು, ಇನ್ನೊಂದು ಮತ್ತೊಬ್ಬರು ಕೊಟ್ಟದ್ದು.

ಹಾಕು ಕೊಡುವ ಸಲಹೆಯೂ ಗಮನಿಸುವಂಥದ್ದು. ಕತ್ತಿಯಿಲ್ಲ, ಮಂತ್ರವಿಲ್ಲ, ಕೆಲಸ ಕೇಳು, ಎಷ್ಟು ಬೈದರೂ ಬಿಡಬೇಡ ಎಂಬ ಮಾತು ಮಾತ್ರ. ಅಲ್ಲಿಂದ ಮುಂದೆ ಅವಳ ಪರೀಕ್ಷೆಗಳೆಲ್ಲ ದುಡಿಮೆಯವೇ. ಒಲೆಮನೆಯಲ್ಲಿ ಮಸಿಯ ಪುಟ್ಟ ಜೀವವೊಂದು ಕಲ್ಲಿದ್ದಲಿನ ಅಡಿ ಸಿಕ್ಕಿ ಒದ್ದಾಡುವಾಗ ಅವಳು ಆ ಭಾರ ಎತ್ತುತ್ತಾಳೆ. ಎತ್ತಿದ್ದನ್ನು ಎಲ್ಲಿಡಬೇಕೆಂದು ಕೇಳಿದರೆ ಕಾಮಾಜಿ, ಶುರು ಮಾಡಿದ ಕೆಲಸ ಮುಗಿಸು ಎಂದು ಗದರುತ್ತಾನೆ. ಅವಳು ತತ್ತರಿಸುತ್ತ ಹೋಗಿ ಒಲೆಗೆ ಹಾಕಿ ಬರುತ್ತಾಳೆ. ಮೂಲೆಯ ಸೀಟಿನಲ್ಲಿ ಸೊರಗಿದ್ದ ಮಗು ಮೊದಲ ಬಾರಿಗೆ ಏನನ್ನೋ ಪೂರೈಸಿದ್ದು ಇಲ್ಲಿ.

ದೊಡ್ಡ ಪರೀಕ್ಷೆ ನಾರುವ ದೇವತೆಯದು. ಹೊಲಸಿನ ಗುಡ್ಡೆಯಂಥ ಅತಿಥಿಯೊಬ್ಬ ಮಳೆಯಲ್ಲಿ ತೆವಳುತ್ತ ಬರುತ್ತಾನೆ. ವಾಸನೆಗೆ ಅನ್ನವೂ ಹಳಸುತ್ತದೆ. ಅವನನ್ನು ತೊಳೆಯುವ ಕೆಲಸ ಹೊಸಬಳಾದ ಸೆನ್‌ಗೆ ಬೀಳುತ್ತದೆ. ಕೊಪ್ಪರಿಗೆಯ ಕೆಸರಿನಲ್ಲಿ ಮುಳುಗೇಳುವಾಗ ಅವಳ ಕೈಗೆ ಮುಳ್ಳಿನಂಥದ್ದೊಂದು ತಾಗುತ್ತದೆ. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರೆ ಹೊರಬರುವುದು ಒಂದು ಸೈಕಲ್, ಅದರ ಹಿಂದೆ ಊರಿನ ಕಸವೆಲ್ಲ. ಅವನು ಕೊಳಕು ದೇವತೆಯಲ್ಲ, ಮನುಷ್ಯರು ಕೊಳಕು ಮಾಡಿದ ಒಂದು ನದಿ. ತಾವು ಊರವರೊಂದಿಗೆ ನದಿ ಶುಚಿಮಾಡಲು ಹೋದಾಗ ನಿಜಕ್ಕೂ ಸೈಕಲ್ ಎಳೆದು ತೆಗೆದ ಅನುಭವವೇ ಈ ದೃಶ್ಯಕ್ಕೆ ಮೂಲ ಎಂದು ಮಿಯಾಝಾಕಿ ಹೇಳಿದ್ದಾರೆ. ಹಗುರಾದ ನದಿ ಹೋಗುವಾಗ ಸೆನ್ ಕೈಯಲ್ಲಿ ಒಂದು ಕಹಿ ಉಂಡೆಯನ್ನು ಬಿಟ್ಟು ಹೋಗುತ್ತದೆ.

ನಕ್ಷೆ ಜಾರುವುದು ಇಲ್ಲಿಂದ. ಫಲ ಸಿಗಬೇಕಾದದ್ದು ಅಗ್ನಿಪರೀಕ್ಷೆಯ ನಂತರ. ಅಲ್ಲಿಯತನಕ ನಾಯಕ ಬರಿಗೈಯವನು. ಆದರೆ ಸೆನ್‌ಗೆ ಎಲ್ಲ ಕೇಡನ್ನೂ ಬಿಡಿಸಬಲ್ಲ ಮದ್ದು ಚಿತ್ರದ ನಡುವಿಗೂ ಮೊದಲೇ ಸಿಕ್ಕಿಬಿಟ್ಟಿದೆ. ಅಪ್ಪ ಅಮ್ಮನಿಗೆ ತಿನ್ನಿಸಿದರೆ ಅವರು ಮನುಷ್ಯರಾಗಬಹುದೆಂದು ಅವಳು ಅದನ್ನು ಕಾಪಾಡಿಕೊಳ್ಳುತ್ತಾಳೆ. ಅಂದ ಮೇಲೆ ಮಿಕ್ಕ ಕಥೆ ಏತಕ್ಕೆ? ಅವಳು ಆ ಮದ್ದನ್ನು ಹೇಗೆ ಖರ್ಚು ಮಾಡುತ್ತಾಳೆ ಎಂಬುದಕ್ಕೆ.

ಮೊದಲರ್ಧ ಹಾಕುವಿಗೆ ಹೋಗುತ್ತದೆ. ಯುಬಾಬಾಳ ಅಪ್ಪಣೆಯಂತೆ ಅವಳ ಅವಳಿ ಸೋದರಿ ಝೆನಿಬಾಳ ಮುದ್ರೆ ಕದ್ದ ಅವನು, ಕಾಗದದ ಹಕ್ಕಿಗಳ ದಾಳಿಗೆ ಸಿಕ್ಕಿ, ರಕ್ತ ಕಾರುವ ಡ್ರ್ಯಾಗನ್ ಆಗಿ ಬಂದು ಬೀಳುತ್ತಾನೆ. ಅವಳು ಅವನ ದವಡೆಯನ್ನು ಬಿಡಿಸಿ, ತೋಳನ್ನೇ ಒಳಗೆ ತೂರಿಸಿ ಉಂಡೆ ತಿನ್ನಿಸುತ್ತಾಳೆ. ಎರಡನೆಯ ಅರ್ಧ ಹೋಗುವುದು ಮುಖವಿಲ್ಲದವನಿಗೆ. ಬಿಳಿ ಮುಖವಾಡದ ಈ ಮೂಕ ಜೀವಕ್ಕೆ ಯಾರಾದರೂ ತನ್ನನ್ನು ಬಯಸಬೇಕೆಂಬ ಹಸಿವು. ಸ್ನಾನಗೃಹದವರು ಚಿನ್ನಕ್ಕೆ ಬಾಯಿ ಬಿಡುವುದನ್ನು ಕಂಡು ಅವನು ಚಿನ್ನ ಸುರಿಯುತ್ತಾನೆ, ಆಮೇಲೆ ಸುರಿಸಿಕೊಂಡವರನ್ನೇ ನುಂಗತೊಡಗುತ್ತಾನೆ. ಸೆನ್ ಅವನ ಚಿನ್ನವನ್ನು ಬೇಡವೆನ್ನುತ್ತಾಳೆ. ಎದುರು ಕುಳಿತು, ಇದು ಅಪ್ಪ ಅಮ್ಮನಿಗೆಂದು ಇಟ್ಟುಕೊಂಡದ್ದು, ಆದರೂ ನೀನು ತಗೋ ಎಂದು ಕೊಟ್ಟುಬಿಡುತ್ತಾಳೆ. ಅವನು ನುಂಗಿದ್ದೆಲ್ಲ ಕಾರುತ್ತಾನೆ.

ಅಗ್ನಿಪರೀಕ್ಷೆ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಕೊಡುವಿಕೆಯೇ. ಅಟ್ಟಿಸಿಕೊಂಡು ಬರುವ ಮುಖವಿಲ್ಲದವನ ದೃಶ್ಯದಲ್ಲಿ ಅಬ್ಬರ ಹೆಚ್ಚಿರುವುದರಿಂದ ಅದನ್ನೇ ಅಗ್ನಿಪರೀಕ್ಷೆ ಎಂದು ಕರೆಯಲು ಮನಸ್ಸಾಗುತ್ತದೆ. ಆದರೆ ಓಡಿ ತಪ್ಪಿಸಿಕೊಳ್ಳುವುದರಲ್ಲಿ ಅವಳು ಕಳೆದುಕೊಳ್ಳುವುದು ಏನೂ ಇಲ್ಲ. ಅಗ್ನಿಪರೀಕ್ಷೆಯ ಗುರುತು ಗದ್ದಲವಲ್ಲ. ಅಲ್ಲಿ ನಾಯಕ ತನಗೆ ಅತಿ ಮುಖ್ಯವಾದದ್ದೊಂದನ್ನು ಸಾವಿನ ಬಾಯಿಗೆ ಒಡ್ಡಬೇಕು. ಸೆನ್ ಈ ಲೋಕಕ್ಕೆ ಇಳಿದು ದುಡಿಯುತ್ತಿರುವುದೇ ಹೆತ್ತವರಿಗಾಗಿ. ಅವರನ್ನು ಉಳಿಸುವ ಏಕೈಕ ಆಸೆಯನ್ನು ಅವಳು ಎರಡು ತುಂಡು ಮಾಡಿ, ಒಂದನ್ನು ಗೆಳೆಯನಿಗೆ, ಇನ್ನೊಂದನ್ನು ತನ್ನನ್ನೇ ನುಂಗಬಹುದಾಗಿದ್ದವನಿಗೆ ಹಾಕಿದಳು.

ಇದಾದ ಮೇಲೆ ಬರುವ ರೈಲಿನ ಪಯಣವನ್ನು ನಕ್ಷೆಯ ಪ್ರಕಾರ ಮರಳುದಾರಿ ಎನ್ನಬೇಕು. ಆದರೆ ಅದು ಮರಳುವ ದಾರಿಯೇ ಅಲ್ಲ. ಕಾಮಾಜಿ ನಲವತ್ತು ವರ್ಷದಿಂದ ಉಳಿಸಿಕೊಂಡಿದ್ದ ಟಿಕೆಟುಗಳನ್ನು ಕೊಡುತ್ತ, ಮೊದಲು ವಾಪಸ್ ಬರುವ ಗಾಡಿಯಿತ್ತು, ಈಗ ಹೋಗುವುದೊಂದೇ ಎಂದು ಎಚ್ಚರಿಸುತ್ತಾನೆ. ಆರನೆಯ ನಿಲ್ದಾಣದಲ್ಲಿ ಇಳಿದು ಝೆನಿಬಾಳಿಗೆ ಮುದ್ರೆ ಹಿಂದಿರುಗಿಸಿ, ಹಾಕುವಿನ ಪರವಾಗಿ ಕ್ಷಮೆ ಕೇಳಬೇಕೆಂದು ಅವಳು ಹೊರಟಿದ್ದಾಳೆ. ನೀರಿನ ಮೇಲೆ ಹಳಿ, ನೆರಳಿನಂಥ ಪ್ರಯಾಣಿಕರು, ಪಕ್ಕದಲ್ಲಿ ಸಾಧುವಾಗಿ ಕುಳಿತ ಮುಖವಿಲ್ಲದವ. ಯಾರೂ ಮಾತಾಡುವುದಿಲ್ಲ. ಹಾದಿಯ ತುದಿಯ ‘ಗುಹೆ’ಯಲ್ಲಿ ಭಯಂಕರ ಮಾಟಗಾತಿ ಇರಬೇಕಿತ್ತು; ಇರುವುದು ಚಹಾ ಮಾಡಿ ಕೊಡುವ ಅಜ್ಜಿ. ನಿನ್ನ ಕೆಲಸ ನೀನೇ ಮಾಡಿಕೊಳ್ಳಬೇಕು ಎಂದು ಅವಳೂ ಹೇಳುತ್ತಾಳೆ, ಆದರೆ ಗೆಳೆಯರೆಲ್ಲ ಸೇರಿ ನೂತ ದಾರದಿಂದ ಮಾಡಿದ ಕೂದಲ ಪಟ್ಟಿಯೊಂದನ್ನು ಕೊಟ್ಟು ಕಳಿಸುತ್ತಾಳೆ.

ಕಥೆ ಮೊದಲಿನಿಂದ ಹೀಗಿರಲಿಲ್ಲ. ಚಿಹಿರೊ ಯುಬಾಬಾಳನ್ನು ಸೋಲಿಸುವುದು, ಅವಳಿಗಿಂತ ಬಲಶಾಲಿ ಸೋದರಿ ಎದುರಾಗುವುದು, ಹಾಕುವಿನ ಜೊತೆ ಸೇರಿ ಅವಳನ್ನೂ ಗೆಲ್ಲುವುದು ಎಂಬ ರೂಪರೇಷೆ ಮೊದಲಿತ್ತು ಎಂದು ನಿರ್ಮಾಪಕ ತೊಶಿಯೊ ಸುಜುಕಿ ಹೇಳಿದ್ದಾರೆ. ಅದು ನಕ್ಷೆಗೆ ಒಪ್ಪುವ ಕಥೆ. ಹಾಗೆ ಮಾಡಿದರೆ ಚಿತ್ರ ವಿಪರೀತ ಉದ್ದವಾಗುತ್ತದೆಂದು ಕಂಡಾಗ ಮಿಯಾಝಾಕಿ ಅದನ್ನು ಕೈಬಿಟ್ಟು, ಸೇತುವೆಯ ಮೇಲೆ ಸುಮ್ಮನೆ ನಿಂತಿದ್ದ ಮುಖವಿಲ್ಲದವನನ್ನು ಮುಂದಕ್ಕೆ ತಂದರು. ಇಬ್ಬರು ಮಾಟಗಾತಿಯರನ್ನು ಗೆಲ್ಲುವ ಜಾಗದಲ್ಲಿ ಒಬ್ಬ ಒಂಟಿಜೀವಿಯನ್ನು ರೈಲಿನಲ್ಲಿ ಕೂರಿಸಿಕೊಂಡು ಹೋಗುವುದು ಬಂತು.

ಕ್ಯಾಂಬೆಲ್ ಅವರ ಹದಿನೇಳು ಹಂತಗಳಲ್ಲಿ ‘ಮೋಹಿನಿಯಾಗಿ ಹೆಣ್ಣು’, ‘ತಂದೆಯೊಡನೆ ರಾಜಿ’ ಎಂಬಂಥವೂ ಇವೆ. ಅವು ನಾಯಕ ಗಂಡು ಎಂದೇ ಇಟ್ಟುಕೊಂಡು ಮಾಡಿದವು. ಚಿಹಿರೊಳ ತಂದೆ ಚಿತ್ರದ ಬಹುಪಾಲು ಹಂದಿಗೂಡಿನಲ್ಲಿದ್ದಾನೆ. ರಾಜಿಯ ಮಾತೇ ಬರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದ ಎ.ಕೆ. ರಾಮಾನುಜನ್ ಇದನ್ನೇ ಬೇರೆ ದಿಕ್ಕಿನಿಂದ ಗಮನಿಸಿದ್ದರು. ಗಂಡು ನಾಯಕನ ಕಥೆ ಮದುವೆಯಲ್ಲಿ ಮುಗಿದರೆ ಹೆಣ್ಣು ನಡುವಿರುವ ಕಥೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯ ನಂತರ, ಅವುಗಳ ನಡೆಯೇ ಬೇರೆ ಎಂದು ಅವರು ತೋರಿಸಿದರು. ಒಂದೇ ನಕ್ಷೆ ಎಲ್ಲ ಕಥೆಗೂ ಹೊಂದುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಇದು ದೊಡ್ಡ ಕಾರಣ. ಗೆಲ್ಲುವುದರ ಬದಲು ನೋಡಿಕೊಳ್ಳುವುದು ಬಂದಾಗ ಹಂತಗಳ ಕ್ರಮ ಬದಲಾಗುತ್ತದೆ.

ಮರುಹುಟ್ಟಿನ ಹಂತಕ್ಕೆ ಬಂದಾಗ ನಕ್ಷೆ ಮತ್ತೆ ಹಿಡಿತಕ್ಕೆ ಸಿಗುತ್ತದೆ. ವಾಪಸ್ ಹಾರುವಾಗ ಚಿಹಿರೊಗೆ ಚಿಕ್ಕಂದಿನಲ್ಲಿ ತಾನು ಬಿದ್ದಿದ್ದ ನದಿ ನೆನಪಾಗುತ್ತದೆ. ಕೊಹಾಕು ಎಂಬ ಆ ನದಿಯನ್ನು ಮುಚ್ಚಿ ಅಪಾರ್ಟ್‌ಮೆಂಟು ಕಟ್ಟಲಾಗಿದೆ. ಆ ನದಿಯೇ ಹಾಕು. ಕಳೆದುಹೋಗಿದ್ದ ಹೆಸರು ಅವನಿಗೆ ಮರಳುತ್ತದೆ. ಆಮೇಲೆ ಯುಬಾಬಾ ಒಡ್ಡುವ ಕೊನೆಯ ಪರೀಕ್ಷೆ: ಸಾಲಾಗಿ ನಿಂತ ಹಂದಿಗಳಲ್ಲಿ ನಿನ್ನ ಹೆತ್ತವರನ್ನು ಗುರುತಿಸು. ಅವಳು ನೋಡುತ್ತಾಳೆ, ಇವರಲ್ಲಿ ಯಾರೂ ಅಲ್ಲ ಎನ್ನುತ್ತಾಳೆ. ಕರಾರು ಪತ್ರ ಸಿಡಿದು ಚೂರಾಗುತ್ತದೆ. ಅವಳಿಗೆ ಹೇಗೆ ತಿಳಿಯಿತು ಎಂದು ಚಿತ್ರ ಹೇಳುವುದಿಲ್ಲ. ಆದರೆ ಇದರ ಬೀಜವನ್ನು ಮೊದಲೇ ಬಿತ್ತಲಾಗಿದೆ. ಉಂಡೆ ಸಿಕ್ಕಿದ ರಾತ್ರಿ ಅವಳಿಗೊಂದು ಕೆಟ್ಟ ಕನಸು: ಮದ್ದು ಹಿಡಿದು ಗೂಡಿಗೆ ಓಡುತ್ತಾಳೆ, ನೂರಾರು ಹಂದಿಗಳಲ್ಲಿ ಅಪ್ಪ ಅಮ್ಮ ಯಾರೆಂದು ತಿಳಿಯದೆ ಕಂಗಾಲಾಗುತ್ತಾಳೆ. ಆಗ ಕೈಯಲ್ಲಿ ಮದ್ದಿತ್ತು, ಗುರುತು ಸಿಗಲಿಲ್ಲ. ಈಗ ಮದ್ದಿಲ್ಲ, ಗುರುತು ಸಿಕ್ಕಿದೆ. ವೋಗ್ಲರ್ ಹೇಳುವ ಮರುಹುಟ್ಟೆಂದರೆ ಇದೇ: ನಾಯಕ ಬದಲಾದದ್ದು ನಿಜವೇ ಎಂದು ಕೊನೆಯಲ್ಲಿ ಇನ್ನೊಮ್ಮೆ ಒರೆಗೆ ಹಚ್ಚುವುದು.

ಉಳಿದದ್ದು ವಾಪಸಾತಿ. ಸುರಂಗ ದಾಟುವತನಕ ಹಿಂದೆ ನೋಡಬೇಡ ಎಂಬ ಹಾಕುವಿನ ಮಾತನ್ನು ಅವಳು ಪಾಲಿಸುತ್ತಾಳೆ. ಇಝಾನಾಮಿಯ ಗಂಡ ನೋಡಬಾರದ್ದನ್ನು ನೋಡಿ ಅವಳನ್ನು ಕಳೆದುಕೊಂಡಿದ್ದ. ಕ್ಯಾಂಬೆಲ್ ಪ್ರಕಾರ ನಾಯಕ ತಂದ ಅಮೃತ ತನ್ನವರಿಗೆಲ್ಲ ದಕ್ಕಬೇಕು. ಆದರೆ ಚಿಹಿರೊ ತನ್ನ ಅಮೃತವನ್ನು ಅಲ್ಲೇ ಹಂಚಿ ಬಂದಿದ್ದಾಳೆ. ಅಪ್ಪ ಅಮ್ಮನಿಗೆ ಏನೂ ನೆನಪಿಲ್ಲ. ಕಾರಿನ ಮೇಲೆ ಎಲೆ, ಒಳಗೆ ದೂಳು ಕಂಡು ಅವರಿಗೆ ಅಚ್ಚರಿ, ಅಷ್ಟೇ. ಮುಚುಕುಂದ ತನ್ನನ್ನು ಅರಿಯದ ಲೋಕಕ್ಕೆ ಮರಳಲಿಲ್ಲ, ಇವಳು ಮರಳುತ್ತಾಳೆ.

ಸುರಂಗದೊಳಗೆ ಅವಳು ಹೋಗುವಾಗ ಹೇಗೆ ಅಮ್ಮನ ತೋಳಿಗೆ ಜೋತುಬಿದ್ದಿದ್ದಳೋ ಬರುವಾಗಲೂ ಹಾಗೆಯೇ ಜೋತುಬಿದ್ದಿದ್ದಾಳೆ, ಅಮ್ಮನೂ ನಡೆಯೋಕಾಗಲ್ಲ ಎಂದು ಅದೇ ಮಾತು ಹೇಳುತ್ತಾಳೆ. ಇದನ್ನು ಕಂಡು, ಇಷ್ಟೆಲ್ಲ ಆದ ಮೇಲೂ ಹುಡುಗಿ ಬದಲಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಮಿಯಾಝಾಕಿ ಅವರೇ ಸಂದರ್ಶನಗಳಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ತಾನು ಹೇಳಹೊರಟದ್ದು ಮಗು ಬೆಳೆದು ಬೇರೆಯಾಗುವ ಕಥೆಯಲ್ಲ, ಅವಳೊಳಗೆ ಮೊದಲೇ ಇದ್ದದ್ದು ಸಂದರ್ಭ ಬಂದಾಗ ಹೊರಬರುವ ಕಥೆ. ಬೇಸಿಗೆಯಲ್ಲಿ ತಮ್ಮ ಬೆಟ್ಟದ ಮನೆಗೆ ಬರುತ್ತಿದ್ದ ಗೆಳೆಯರ ಹತ್ತು ವರ್ಷದ ಹೆಣ್ಣುಮಕ್ಕಳಿಗಾಗಿ ಅವರು ಈ ಚಿತ್ರ ಮಾಡಿದ್ದು. ಆ ವಯಸ್ಸಿನ ಹುಡುಗಿಯೊಬ್ಬಳು ದೊಡ್ಡದೊಂದು ಕೆಲಸ ಮಾಡಿ ಮುಗಿಸಿ, ಮರುಕ್ಷಣ ಅಮ್ಮನ ಕೈ ಹಿಡಿಯುವುದು ಅವರಿಗೆ ಸೋಲಾಗಿ ಕಾಣಲಿಲ್ಲ. ನನಗೂ ಕಾಣುವುದಿಲ್ಲ.